ಗದ್ಯಭಾಗಗಳ ಹೋಲಿಕೆ: ತೊಗರಿಯ ನಡುವೆ ಹೆಸರು ಬೆಳೆ

ಎರಡೂ ಭಾಗಗಳನ್ನು ಓದಿ ಉತ್ತರಿಸಿ. (6 ಅಂಕ)

ಭಾಗ ಅ
ಕಲಬುರಗಿಯ ಕರಿಮಣ್ಣಿಗೆ ತೊಗರಿಯೊಂದೇ ಸಾಕು. ಸಾಲು ಅಗಲವಿದ್ದರೆ ಎಡೆ ಹೊಡೆಯುವುದು ಸಲೀಸು. 45–50 ದಿನಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತವೆ. ನಡುವೆ ಹೆಸರು ಹಾಕಿದವರು ಆಗಸ್ಟ್ ಮಳೆಗೆ ಸಿಕ್ಕಿ, ಕಾಯಿ ಗಿಡದಲ್ಲೇ ಮೊಳೆತು, ಬಿಡಿಸಿದ ಕೂಲಿಯನ್ನೂ ಕಳೆದುಕೊಳ್ಳುತ್ತಾರೆ.

ಭಾಗ ಆ
ತೊಗರಿ ಮೊದಲೆರಡು ತಿಂಗಳು ನಿಧಾನಕ್ಕೆ ಬೆಳೆಯುತ್ತದೆ. ಆ ಖಾಲಿ ಜಾಗದಲ್ಲಿ ಕಳೆಯ ಬದಲು ಹೆಸರು ಬೆಳೆಯಲಿ. 65–70 ದಿನಕ್ಕೆ ರಾಶಿಯಾಗಿ ಕೈಗೆ ಕಾಸು ಬರುತ್ತದೆ. ಮಳೆ ಒಮ್ಮೊಮ್ಮೆ ಕೆಡಿಸುವುದು ನಿಜ. ಆದರೆ ನೆಟೆ ರೋಗ ಬಿದ್ದ ವರ್ಷ ತೊಗರಿಯನ್ನಷ್ಟೇ ನಂಬಿದವರಿಗೆ ಉಳಿಯುವುದೇನು?

ಪ್ರಶ್ನೆಗಳು
1. ಇಬ್ಬರೂ ಒಪ್ಪುವ ಸಂಗತಿ ಯಾವುದು? (1)
2. ಸಾಲಿನ ನಡುವಿನ ಜಾಗವನ್ನು ಇಬ್ಬರೂ ಹೇಗೆ ಕಾಣುತ್ತಾರೆ? (2)
3. ಯಾರು ಯಾವ ನಷ್ಟಕ್ಕೆ ಅಂಜುತ್ತಾರೆ? ಎದುರಾಳಿಯ ಮಾತಿಗೆ ಉತ್ತರ ಕೊಟ್ಟವರು ಯಾರು? (3)

ಮಾದರಿ ಉತ್ತರ
1. ಮಳೆಯಿಂದ ಹೆಸರು ಕೆಡಬಹುದು.
2. ‘ಅ’ಗೆ ಅದು ಎಡೆ ಹೊಡೆಯಲು ಬೇಕಾದ ಜಾಗ, ‘ಆ’ಗೆ ದುಡಿಯದೆ ಬಿದ್ದಿರುವ ಜಾಗ.
3. ‘ಅ’ ಅಂಜುವುದು ಹೆಸರಿಗೆ ಹಾಕಿದ ಕೂಲಿ ಹೋದೀತೆಂದು; ‘ಆ’ ಅಂಜುವುದು ಇಡೀ ವರ್ಷದ ಬೆಳೆಯೇ ಹೋದೀತೆಂದು. ‘ಕೆಡಿಸುವುದು ನಿಜ. ಆದರೆ’ ಎಂದು ಒಪ್ಪಿಕೊಂಡು ತಿರುಗೇಟು ಕೊಟ್ಟದ್ದು ‘ಆ’ ಮಾತ್ರ. ನೆಟೆ ರೋಗದ ಬಗ್ಗೆ ‘ಅ’ ಸುಮ್ಮನಿದೆ.

ಮೌಲ್ಯಮಾಪಕರಿಗೆ: ‘ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಬೇಕು ಅಂತಾರೆ’ ಎಂದಷ್ಟೇ ಬರೆದರೆ ಮೂರನೆಯದಕ್ಕೆ ಅರ್ಧ ಅಂಕ. ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ: ಎರಡೂ ಭಾಗಗಳ ಸಾರಾಂಶ ಬರೆದು, ಹೋಲಿಸದೆ ಬಿಡುತ್ತಾರೆ. ತಮ್ಮ ಹೊಲದ ಅನುಭವ ಬರೆದರೆ ಅಂಕವಿಲ್ಲ, ಅದು ಎಷ್ಟೇ ಸರಿಯಿದ್ದರೂ.