ಮಂಜಣ್ಣ, ಗ್ರೂಪಿಗೆ ಹಾಕುವ ಮುಂಚೆ ಒಂದು ಫೋನ್ ಮಾಡು

ಮಂಜಣ್ಣ, ಇದನ್ನು ಗ್ರೂಪಿನಲ್ಲಿ ಬರೆಯದೆ ನಿನಗೊಬ್ಬನಿಗೇ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಾತಿಗೆ ಶುರು ಮಾಡಿದರೆ ನಗಿಸಿ ನಗಿಸಿ ವಿಷಯವೇ ಮರೆಸಿಬಿಡುತ್ತೀಯ.

ಮಂಗಳವಾರ ಶಿವಮೊಗ್ಗದಲ್ಲಿ ಚಿಕ್ಕಪ್ಪನಿಗೆ ಸ್ಟೆಂಟ್ ಹಾಕಿದರಲ್ಲ, ಅವತ್ತು ರಾತ್ರಿ ನೀನು ಗ್ರೂಪಿಗೆ ಹಾಕಿದ್ದು: 'ತುಂಬಾ ಸೀರಿಯಸ್ ಅಂತೆ, ಡಾಕ್ಟರು ಕೈಚೆಲ್ಲಿದ್ದಾರಂತೆ.' ಆ ಹೊತ್ತಿಗೆ ಚಿಕ್ಕಪ್ಪ ಗಂಜಿಗೆ ಉಪ್ಪಿಲ್ಲ ಅಂತ ಚಿಕ್ಕಮ್ಮನ ಮೇಲೆ ರೇಗುತ್ತಿದ್ದರು! ಐಸಿಯುನಲ್ಲಿ ಇಟ್ಟಿದ್ದು ಒಂದು ದಿನ ನೋಡಿಕೊಳ್ಳುವುದಕ್ಕೆ ಅಷ್ಟೇ. ಐಸಿಯು ಅಂತ ಕೇಳಿದವರು ಯಾರೋ ಗಾಬರಿಯಾದರು, ನಿನ್ನ ಹತ್ತಿರ ಬರುವಷ್ಟರಲ್ಲಿ ಅದು ಹಾಗಾಗಿತ್ತು.

ಸಾಗರದಲ್ಲಿ ಅಜ್ಜಿಗೆ ಪಕ್ಕದ ಮನೆಯವರು ಓದಿ ಹೇಳಿದರು. ಅವರು ಊಟ ಬಿಟ್ಟು, ಬಿಪಿ ಮಾತ್ರೆಯನ್ನೂ ನುಂಗದೆ ದೇವರ ಮುಂದೆ ಕೂತರಂತೆ. ಸುಮಕ್ಕ ಮಗುವನ್ನು ಎತ್ತಿಕೊಂಡು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದಳು. ಗ್ರೂಪಿನಲ್ಲಿ ಒಬ್ಬರು 'ಓಂ ಶಾಂತಿ' ಅಂತಲೂ ಹಾಕಿದರು, ನೋಡಿದೆ ತಾನೇ? ಚಿಕ್ಕಮ್ಮ ಪಾಪ, ಬೆಳಗಿನವರೆಗೆ ಬಂದ ಫೋನುಗಳಿಗೆಲ್ಲ 'ಚೆನ್ನಾಗಿದ್ದಾರೆ' ಅಂತ ಹೇಳಿಯೇ ಸುಸ್ತಾದರು.

ಅದು ಹೇಗೋ ಸರಿಹೋಯಿತು. ನನಗೆ ಜಾಸ್ತಿ ಭಯ ಅತ್ತೆ ಮಗಳ ವಿಷಯದ್ದು. ಸಂಬಂಧ ಮುರಿದುಬಿತ್ತು ಅಂತ ಹೋದ ವಾರ ಹಾಕಿದೆಯಲ್ಲ, ಹುಡುಗನ ಕಡೆ ಸೂತಕ ಬಂತು, ಅದಕ್ಕೆ ನಿಶ್ಚಿತಾರ್ಥದ ದಿನ ಮುಂದೆ ಹೋಗಿದೆ. ಹುಡುಗನ ಸೋದರಮಾವ ಅದೇ ಗ್ರೂಪಿನಲ್ಲಿದ್ದಾರೆ! ಈಗ ಅವರ ಮನೆಯಿಂದಲೇ ಫೋನ್, 'ನಿಮ್ಮ ಕಡೆಯವರಿಗೆ ಇಷ್ಟವಿಲ್ಲವಾ' ಅಂತ. ಅತ್ತೆ ಏನು ಹೇಳಬೇಕು? ಇಷ್ಟು ದಿನವಾದ ಮೇಲೆ ಎಲ್ಲರ ಫೋನಿನಿಂದ ಅಳಿಸುವುದಕ್ಕೂ ಆಗುವುದಿಲ್ಲ. ಹಾಗಾಗಿ 'ಆ ಸುದ್ದಿ ತಪ್ಪು, ದಿನ ಮುಂದೆ ಹೋಗಿದೆ ಅಷ್ಟೇ' ಅಂತ ಇವತ್ತೇ ನೀನು ಒಂದು ಸಾಲು ಹಾಕು. ಅತ್ತೆಯನ್ನು ಕೇಳಿದ್ದೇನೆ, ಅಷ್ಟು ಹಾಕಿದರೆ ಸಾಕು ಅಂದರು.

ನೀನು ಯಾರಿಗೂ ಕೆಟ್ಟದ್ದು ಬಯಸುವವನಲ್ಲ, ಅದು ಎಲ್ಲರಿಗೂ ಗೊತ್ತು. ದೊಡ್ಡಮ್ಮನಿಗೆ ರಕ್ತ ಬೇಕಾದಾಗ ನಿನ್ನ ಒಂದೇ ಮೆಸೇಜಿಗೆ ಜನ ಓಡಿ ಬಂದರು. ನೀನು ಹಾಕಿದರೆ ನಿಜವೇ ಇರುತ್ತದೆ ಅಂತ ನಂಬುತ್ತಾರಲ್ಲ, ತೊಂದರೆ ಆಗುತ್ತಿರುವುದೂ ಅದಕ್ಕೇ. ಫಾರ್ವರ್ಡ್ ಅಂತ ಮೇಲೆ ಬರೆದಿದ್ದರೂ ಯಾರೂ ನೋಡುವುದಿಲ್ಲ, ನಿನ್ನ ಹೆಸರು ನೋಡುತ್ತಾರೆ.

ಇನ್ನು ಮುಂದೆ ಯಾರ ಮನೆಯ ಆಸ್ಪತ್ರೆ, ಮದುವೆ, ಜಮೀನು, ಜಗಳ, ಏನೇ ಕಿವಿಗೆ ಬಿದ್ದರೂ ಮೊದಲು ಆ ಮನೆಗೇ ಒಂದು ಫೋನ್ ಮಾಡು. 'ಹಾಕು' ಅಂತ ಅವರು ಹೇಳಿದರೆ ಮಾತ್ರ ಹಾಕು. ಸಿಗಲಿಲ್ಲವೋ, ಸುಮ್ನೆ ಬಿಟ್ಟುಬಿಡು. ಹುಟ್ಟುಹಬ್ಬ, ಜಾತ್ರೆಯ ಫೋಟೋ ಎಲ್ಲ ಮೊದಲಿನ ಹಾಗೇ ಬರಲಿ, ಅದಿಲ್ಲದಿದ್ದರೆ ಗ್ರೂಪೇ ಬೇಜಾರು.

ಬೇಸರ ಮಾಡಿಕೊಳ್ಳಬೇಡ, ಆಯ್ತಾ? ನಾಳೆ ಚಿಕ್ಕಪ್ಪನಿಗೆ ಡಿಸ್ಚಾರ್ಜ್ ಅಂದಿದ್ದಾರೆ. ಚಿಕ್ಕಮ್ಮನನ್ನು ಕೇಳಿಕೊಂಡು ಆ ಸುದ್ದಿ ನೀನೇ ಹಾಕು.