ಸಂಶೋಧನಾ ದಿನದ ವಂದನಾರ್ಪಣೆ

ಎಲ್ಲರಿಗೂ ನಮಸ್ಕಾರ.

ಐದು ಗಂಟೆ ದಾಟಿದೆ. ಹಿಂದಿನ ಸಾಲಿನವರ ಕಣ್ಣು ಆಗಲೇ ಚಹಾ ಕೌಂಟರ್ ಕಡೆ ಹೊರಳಿದೆ. ಜಾಸ್ತಿ ಹೊತ್ತು ಕೂರಿಸಲ್ಲ.

ಬೆಳಿಗ್ಗೆಯಿಂದ ನಮ್ಮ ಜೊತೆಗೇ ಕೂತ ನಿರ್ದೇಶಕರಿಗೆ ಧನ್ಯವಾದಗಳು. ದೀಪ ಹಚ್ಚಿ ಹೊರಟುಬಿಡುವ ಅವಕಾಶ ಅವರಿಗಿತ್ತು, ಹೋಗಲಿಲ್ಲ. ಧಾರವಾಡದಿಂದ ಬಂದು ಮುಖ್ಯ ಉಪನ್ಯಾಸ ಕೊಟ್ಟ ಮೇಡಂ ಅವರಿಗೂ ನಮ್ಮ ವಂದನೆ.

ಇನ್ನು ಪರಿಶೀಲಕರು. ಇವರ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಸಾರಾಂಶಗಳಿಂದ ಹೆಸರು, ವಿಭಾಗ ಎರಡನ್ನೂ ತೆಗೆದು ನಿಮಗೆ ಕಳಿಸಿದ್ದೆವು. ಯಾರದು ಅಂತ ಗೊತ್ತಿಲ್ಲದೆ ಓದಿದಿರಿ. ಓಪಿಡಿ ಮುಗಿಸಿ, ರಾತ್ರಿ ಕೂತು ಓದಿದಿರಿ. 'ಚೆನ್ನಾಗಿದೆ' ಅಂತ ಒಂದು ಗೆರೆ ಬರೆದು ಕೈತೊಳೆದುಕೊಳ್ಳಲಿಲ್ಲ. 'ಶೇಕಡಾ 40 ಅಂದಿದ್ದೀರಿ, ಒಟ್ಟು ಎಷ್ಟು ರೋಗಿಗಳಲ್ಲಿ?' ಅಂತ ಒಂದು ಪ್ರತಿಯ ಅಂಚಿನಲ್ಲಿ ಬರೆದಿದ್ದಿರಿ. ಆ ಪಿಜಿ ವಿದ್ಯಾರ್ಥಿ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದರು. ಆಮೇಲೆ ಪಟ್ಟಿಯನ್ನೇ ಹೊಸದಾಗಿ ಮಾಡಿದರು. ಇವತ್ತು ಅವರ ಪೋಸ್ಟರ್ ಮುಂದೆ ಎಷ್ಟು ಜನ ನಿಂತಿದ್ದರು, ನೋಡಿದಿರಿ ಅಲ್ವಾ? ಆಯ್ಕೆಯಾಗದ ಸಾರಾಂಶಗಳಿಗೂ ಕಾರಣ ಬರೆದು ಕೊಟ್ಟಿರಿ. ಅದಕ್ಕೆ ವಿಶೇಷ ಧನ್ಯವಾದ.

ನೈತಿಕ ಸಮಿತಿಯವರು ಒಪ್ಪಿಗೆ ಪತ್ರಗಳ ಕನ್ನಡವನ್ನು ತಿದ್ದಿಸಿದ್ದೇ ತಿದ್ದಿಸಿದ್ದು. ಆಗ ಗೊಣಗಿದವರಲ್ಲಿ ನಾನೂ ಒಬ್ಬಳು. ಆದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಕೇಳುವುದೂ ಅದನ್ನೇ: ರೋಗಿಗೆ ತಿಳಿಯುವ ಭಾಷೆ. ಸಹಿ ಹಾಕುವ ಮುಂಚೆ 'ಬ್ಯಾಡ ಅಂದ್ರ ಔಷಧ ನಿಲ್ಲಸ್ತೀರೇನ್ರಿ?' ಅಂತ ಕೇಳಿದ ಅಜ್ಜಿಗೆ ಆ ಪತ್ರದಲ್ಲೇ ಉತ್ತರವಿತ್ತು. ಹಾಗೆ ಕೇಳಿ, ತಿಳಿದುಕೊಂಡು, ನಮ್ಮ ಅಧ್ಯಯನಗಳಿಗೆ ಒಪ್ಪಿದ ಎಲ್ಲ ರೋಗಿಗಳಿಗೂ ಈ ವೇದಿಕೆಯಿಂದ ಕೈ ಮುಗಿಯುತ್ತೇನೆ. ಅವರಿಲ್ಲದೆ ಇಲ್ಲಿ ಒಂದು ಪೋಸ್ಟರೂ ಇರುತ್ತಿರಲಿಲ್ಲ.

ದೂಳು ಹಿಡಿದ ಹಳೇ ಕೇಸ್ ಶೀಟ್‌ಗಳನ್ನು ಕಟ್ಟು ಬಿಚ್ಚಿ ಹುಡುಕಿಕೊಟ್ಟ ದಾಖಲೆ ವಿಭಾಗದವರು ಇವತ್ತೂ ಡ್ಯೂಟಿಯಲ್ಲೇ ಇದ್ದಾರೆ. ನಮ್ಮ ಚಪ್ಪಾಳೆ ಕೆಳಗಿನ ಮಹಡಿಗೆ ಕೇಳಿಸಲಿ. ವಾರ್ಡ್ ನೋಡಿಕೊಂಡು ನಮ್ಮನ್ನು ಇಲ್ಲಿಗೆ ಬಿಟ್ಟುಕೊಟ್ಟ ನರ್ಸಿಂಗ್ ಸಿಬ್ಬಂದಿಗೂ ಋಣಿ.

ಸಂಘಟನಾ ಸಮಿತಿ, ಮೈಕಿನವರು, ಕರೆಂಟ್ ಹೋದಾಗ ಜನರೇಟರ್ ಕಡೆ ಓಡಿದ ಅಣ್ಣ, ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದ ಮೆಸ್ಸಿನವರು, ನಿಮಗೆಲ್ಲ ಧನ್ಯವಾದ. ಗದಗ, ಹಾವೇರಿಯಿಂದ ನಸುಕಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದವರಿಗೆ, ಬಹುಮಾನ ಬಂದವರಿಗೆ, ಬರದವರಿಗೆ, ಮೊದಲ ಸಲ ಮೈಕ್ ಹಿಡಿದು ಕೈ ನಡುಗಿದರೂ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಎಂಬಿಬಿಎಸ್ ಮಕ್ಕಳಿಗೆ ಅಭಿನಂದನೆ.

ಪ್ರಮಾಣಪತ್ರಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಸಹಿ ಮಾಡಿ ತಗೊಳ್ಳಿ. ಪೋಸ್ಟರ್‌ಗಳನ್ನು ಆರು ಗಂಟೆಯೊಳಗೆ ಬಿಚ್ಚಿಕೊಳ್ಳಿ, ನಾಳೆ ಇದೇ ಹಾಲ್‌ನಲ್ಲಿ ಪರೀಕ್ಷೆ ಇದೆ. ಚಹಾ, ಮಿರ್ಚಿ ಹೊರಗೆ ಸಿದ್ಧವಾಗಿವೆ.

ಈಗ ರಾಷ್ಟ್ರಗೀತೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು.