ಒಳಗೆ ಮೈನಸ್

ಜಗಳ ಹಳೆಯದು. 1987ರಲ್ಲಿ ನಮ್ಮ ಮನೆ ಚಾವಡಿಯಲ್ಲಿ ತಾಳಮದ್ದಳೆ, ಅಜ್ಜನದ್ದು ಕೌರವ. ಒಳ್ಳೆ ಭರದಲ್ಲಿದ್ದಾಗ ಮಾತು ಕೈಕೊಟ್ಟಿತು. ಕುಕ್ಕರ್ ಕೂಗಿದ್ದಕ್ಕೆ ಎಂದು ಅಜ್ಜ. "ಅಷ್ಟು ಜನಕ್ಕೆ ಯಾರಾದ್ರೂ ಕುಕ್ಕರಲ್ಲಿ ಅನ್ನ ಇಡ್ತಾರಾ?" ಎಂದು ಅಜ್ಜಿ.

ಕ್ಯಾಸೆಟ್ ಉಂಟು, ದುಬೈಯಿಂದ ಮಾವ ತಂದ ಟೇಪ್ ರೆಕಾರ್ಡರೂ ಉಂಟು. ಸೆಲ್ ಹಾಕುವ ಜಾಗ ಮಾತ್ರ ಸೋರಿದ ಸೆಲ್ಲಿನಿಂದ ಹಸಿರುಗಟ್ಟಿ, ಸ್ಪ್ರಿಂಗ್ ಮುಟ್ಟಿದರೆ ಪುಡಿ. ಉಳಿದದ್ದು ಹಿಂದಿನ ಸಣ್ಣ ತೂತು. ಅದರ ಬದಿಯಲ್ಲಿ ಆರು ವೋಲ್ಟ್ ಎಂದಿತ್ತು, ಪಕ್ಕದಲ್ಲೊಂದು ಚಿತ್ರ: ಅರ್ಧ ಬಳೆ, ನಡುವೆ ಚುಕ್ಕಿ, ಚುಕ್ಕಿಗೆ ಮೈನಸ್.

ನಾನು ವೈಫೈ ಡಬ್ಬಿಯ ಅಡಾಪ್ಟರ್ ಕಿತ್ತು ತಂದೆ. ಸರಿಯಾಗಿ ಕೂರುವ ಹಾಗೆ ಕಂಡಿತು.

"ತೆಗಿ ಮಾರಾಯ! ಅದು ಹನ್ನೆರಡು ವೋಲ್ಟ್, ಒಳಗೆ ಪ್ಲಸ್. ಹಾಕಿದ್ರೆ ಹೊಗೆಯೇ."

ಅಜ್ಜ ನಲವತ್ತು ವರ್ಷ ವಯರಿಂಗ್ ಮಾಡಿದವರು, ಸುಮ್ಮನಾದೆ.

ಸ್ಟೇಟ್ ಬ್ಯಾಂಕ್‌ನಲ್ಲಿ ಬಸ್ಸಿಳಿದು ಎರಡು ಮೊಬೈಲ್ ಅಂಗಡಿ ನೋಡಿದೆವು. ಒಬ್ಬ ಚಿತ್ರ ನೋಡಿ ನಕ್ಕ, ಇನ್ನೊಬ್ಬ "ಅಜ್ಜ, ಬ್ಲೂಟೂತ್ ತಗೊಳ್ಳಿ" ಅಂದ. ಬಂದರಿನ ಗುಜರಿ ಅಂಗಡಿಯಲ್ಲಿ ಮಾತ್ರ ಒಂದು ಗೋಣಿ ತುಂಬ ಅಡಾಪ್ಟರ್, ವಯರೆಲ್ಲ ಹಾವಿನಂತೆ ಸುತ್ತಿಕೊಂಡು. ಅಜ್ಜ ಪಂಚೆ ಮಡಚಿ ಕುಕ್ಕರಗಾಲಲ್ಲಿ ಕೂತರು. ಒಂದೊಂದನ್ನೇ ಬಿಡಿಸಿ, ಕನ್ನಡಕ ಹಣೆಗೇರಿಸಿ, ಚೀಲದಿಂದ ಟೇಪ್ ತೆಗೆದು ತುದಿ ಕೂರಿಸಿ ನೋಡುವುದು. ದಪ್ಪ. ಸಡಿಲ. ಒಂಬತ್ತು ವೋಲ್ಟ್. ಮುಕ್ಕಾಲು ಗಂಟೆ! ಅಂಗಡಿಯವರಿಗೇ ಪಾಪ ಅನಿಸಿ ಒಂದು ಚಾ ತರಿಸಿದರು.

ಕೊನೆಗೆ ಸಿಕ್ಕಿದ್ದು ಕಪ್ಪು ಡಬ್ಬಿ: ಮೂರರಿಂದ ಹನ್ನೆರಡರವರೆಗೆ ವೋಲ್ಟ್ ಬದಲಿಸುವ ಸ್ವಿಚ್, ತುದಿಯನ್ನು ಕಿತ್ತು ತಿರುಗಿಸಿ ಹಾಕಿದರೆ ಪ್ಲಸ್ಸೇ ಮೈನಸ್. ನಲವತ್ತು ರೂಪಾಯಿ.

ಮನೆಯಲ್ಲಿ ಸ್ವಿಚ್ ಆರಕ್ಕೆ ತಳ್ಳಿ ಮೀಟರ್ ಹಿಡಿದರು. ಕೆಂಪು ಕಡ್ಡಿ ತುದಿಯ ಒಳಗೆ, ಕಪ್ಪು ಹೊರಗೆ. ಎಂಟೂ ಮುಕ್ಕಾಲು ತೋರಿಸಿತು, ಎದುರಿಗೆ ಮೈನಸ್ ಗೆರೆ.

"ಅಜ್ಜ, ಎಂಟು ಉಂಟಲ್ಲ?"

"ಹಳೇ ನಮೂನೆದು. ಲೋಡ್ ಇಲ್ಲದಾಗ ಹಾರ್ತದೆ, ಟೇಪ್ ತಿರುಗಿದ ಕೂಡಲೇ ಇಳೀತದೆ. ಗೆರೆ ಬಂತಲ್ಲ, ಅದು ಮುಖ್ಯ."

ಬಟನ್ ಒತ್ತಿದರು. ಕೆಂಪು ದೀಪ. ಮೊದಲು ಬರೀ ಸುಯ್ಯೆನ್ನುವ ಸದ್ದು, ಮತ್ತೆ ಮದ್ದಳೆ, ಮತ್ತೆ ನನಗೆ ಗುರುತೇ ಸಿಗದ ಎಳೆ ಗಂಟಲಿನ ಕೌರವ. ಅಜ್ಜ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಕೌರವ ಏರುತ್ತ ಏರುತ್ತ ಹೋದ, ಉಸಿರು ಎಳೆದ...

ಕುಕ್ಕರ್ ಕೂಗಿತು.

ಒಳಗೆ ಹೂ ಕಟ್ಟುತ್ತಿದ್ದ ಅಜ್ಜಿ "ಅಯ್ಯೋ, ಎಷ್ಟನೇದು ಇದು?" ಎನ್ನುತ್ತ ಎದ್ದು ಅಡುಗೆಮನೆಗೆ ಓಡಿದರು. ಒಲೆ ಹೊತ್ತಿಸಿರಲೇ ಇಲ್ಲ.

ಅಜ್ಜ ರಿವೈಂಡ್ ಒತ್ತಿದರು.